ಪ್ರಯೋಗ ಬಿಟ್ಟು ಸಮೀಕ್ಷೆಗೆ ಬಂದಿದ್ದೇನೆ, ಗೈಡ್‌ಗೆ ಹೇಗೆ ಬರೆಯಲಿ?

ಪ್ರಶ್ನೆ: ಕಾಸರಗೋಡಿನಲ್ಲಿ ಎಂ.ಎಡ್. ಎರಡನೇ ವರ್ಷದಲ್ಲಿದ್ದೇನೆ. ಕನ್ನಡ ಮಾಧ್ಯಮದ ಏಳನೇ ತರಗತಿ ಮಕ್ಕಳಿಗೆ ಎಂಟು ವಾರ ದಿನಾ ಇಪ್ಪತ್ತು ನಿಮಿಷ ಪತ್ರಿಕೆ ಓದಿಸಿದರೆ ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಹೆಚ್ಚುತ್ತದೆಯೇ ಎಂಬುದು ನನ್ನ ಪ್ರಬಂಧ. ಒಟ್ಟು ಆರು ಶಾಲೆ, ಮೂರರಲ್ಲಿ ಓದಿಸುವುದು, ಮೂರರಲ್ಲಿ ಇಲ್ಲ ಎಂದು ಸಿನಾಪ್ಸಿಸ್‌ನಲ್ಲಿತ್ತು. ಮಳೆ ರಜೆ, ಓಣಂ ಪರೀಕ್ಷೆ ಎಂದು ದಿನ ಹೋಯಿತು, ಎರಡು ಶಾಲೆಗಳು ಹಿಂದೆ ಸರಿದವು. ಈಗ ಸಮೀಕ್ಷೆ ಮಾಡೋಣ ಅಂತಿದ್ದೇನೆ. ಗೈಡ್ ಕನ್ನಡದವರೇ, ಮೇಲ್ ಕನ್ನಡದಲ್ಲೇ ಬರೆಯಬೇಕು. ಬರೆಯಲು ಕೂತರೆ ಎಲ್ಲವೂ ನೆಪದ ಹಾಗೆ ಕಾಣುತ್ತದೆ. ಏನು ಬರೆಯಲಿ?

ಉತ್ತರ:

ಮಳೆ ರಜೆಯಿಂದ ಮೇಲ್ ಶುರು ಮಾಡಬೇಡಿ. ಮಳೆ, ಪರೀಕ್ಷೆ, ಒಪ್ಪದ ಎಚ್.ಎಂ. ಇವೆಲ್ಲ ನಿಜ. ಜೂನ್‌ನಲ್ಲಿ ಶಾಲೆ ತೆರೆದು ಓಣಂ ಪರೀಕ್ಷೆ ಬರುವಷ್ಟರಲ್ಲಿ ರೆಡ್ ಅಲರ್ಟ್ ರಜೆಗಳನ್ನು ಕಳೆದರೆ ಬಿಡುವಿಲ್ಲದ ಎಂಟು ವಾರ ಸಿಗುವುದು ನಮ್ಮ ಜಿಲ್ಲೆಯಲ್ಲಿ ಕಷ್ಟವೇ. ಆದರೆ ಇಂಥ ಕಾರಣ ಓದಿದ ಯಾವ ಗೈಡ್ ಆದರೂ ಕೊಡುವ ಉತ್ತರ ಒಂದೇ: "ಹಾಗಾದರೆ ಓಣಂ ರಜೆ ಮುಗಿದ ಮೇಲೆ ಮಾಡಿ." ಅದಕ್ಕೆ ನಿಮ್ಮ ಹತ್ತಿರ ಮಾತಿರುವುದಿಲ್ಲ. ಸಮಯ ಸಾಲಲಿಲ್ಲ ಎನ್ನುವುದು ಪ್ರಯೋಗವನ್ನು ಮುಂದೂಡಲು ಕಾರಣವಾಗಬಹುದು, ಕೈಬಿಡಲು ಆಗುವುದಿಲ್ಲ.

ಕೈಬಿಡಲು ನಿಜವಾದ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ನೀವು ಮಕ್ಕಳನ್ನು ಎರಡು ಗುಂಪು ಮಾಡಿಲ್ಲ, ಶಾಲೆಗಳನ್ನು ಮಾಡಿದ್ದೀರಿ. ಮಾಡದೆ ಬೇರೆ ದಾರಿಯೂ ಇರಲಿಲ್ಲ. ನೀವು ಆರಿಸಿಕೊಂಡಂಥ ಶಾಲೆಗಳಲ್ಲಿ ಏಳನೇ ತರಗತಿಗೆ ಕನ್ನಡ ಡಿವಿಷನ್ ಒಂದೇ ಇರುತ್ತದೆ. ಹಾಗಾಗಿ ಇಡೀ ತರಗತಿಗೆ ಓದಿಸಬೇಕು, ಇಲ್ಲವೇ ಇಡೀ ತರಗತಿಯನ್ನು ಬಿಡಬೇಕು. ಆಗ ಪ್ರಯೋಗದಲ್ಲಿ ಲೆಕ್ಕಕ್ಕೆ ಬರುವುದು ತರಗತಿಗೆ ಇಪ್ಪತ್ತೈದರಂತೆ ನೂರೈವತ್ತು ಮಕ್ಕಳಲ್ಲ, ಆರು ಶಾಲೆಗಳು. ಎರಡು ಶಾಲೆ ಹಿಂದೆ ಸರಿಯದೆ ಇದ್ದಿದ್ದರೂ, ಒಂದು ದಿನವೂ ಮಳೆ ಬಾರದೆ ಇದ್ದಿದ್ದರೂ ಆ ಆರು ಶಾಲೆಗಳಿಂದ ನಿಮ್ಮ ಪ್ರಶ್ನೆಗೆ ಉತ್ತರ ಹುಟ್ಟುವುದಿಲ್ಲ. ಇದನ್ನು ತೋರಿಸಲು ಸಣ್ಣದೊಂದು ಲೆಕ್ಕ ಸಾಕು, ಅದು ನಿಮ್ಮ ಮೇಲ್‌ನಲ್ಲಿ ಇರಲೇಬೇಕು.

ಓದಿಸುವ ಮೂರು ಶಾಲೆಗಳನ್ನು ಚೀಟಿ ಎತ್ತಿ ಆರಿಸಿದಿರಿ ಎನ್ನೋಣ. ಆರರಲ್ಲಿ ಮೂರನ್ನು ಆರಿಸಲು ಇರುವ ದಾರಿಗಳು ಒಟ್ಟು 20. ಪತ್ರಿಕೆ ಓದಿಸಿದ್ದರಿಂದ ಏನೇನೂ ಆಗಲಿಲ್ಲ ಎಂದೇ ಇಟ್ಟುಕೊಳ್ಳಿ. ಆಗಲೂ ಅತಿ ಹೆಚ್ಚು ಅಂಕದ ಮೂರು ಶಾಲೆಗಳು ಬರೀ ಚೀಟಿಯ ಅದೃಷ್ಟದಿಂದ ನಿಮ್ಮ ಓದಿಸುವ ಗುಂಪಿಗೆ ಬೀಳುವ ಸಾಧ್ಯತೆ 20ರಲ್ಲಿ 1. ಅತಿ ಕಡಿಮೆ ಅಂಕದ ಮೂರು ಬೀಳುವ ಸಾಧ್ಯತೆ ಇನ್ನೊಂದು 1. ಎರಡೂ ದಿಕ್ಕನ್ನು ಲೆಕ್ಕಕ್ಕೆ ಹಿಡಿದರೆ 20ರಲ್ಲಿ 2, ಅಂದರೆ 0.10. ನಿಮಗೆ ಸಿಗಬಹುದಾದ ಅತ್ಯುತ್ತಮ ಫಲಿತಾಂಶವೇ ಇದು: ಓದಿಸಿದ ಮೂರೂ ಶಾಲೆಗಳು ಓದಿಸದ ಮೂರನ್ನೂ ಮೀರಿಸಿದರೂ ಪಿ-ಮೌಲ್ಯ 0.10ಕ್ಕಿಂತ ಕೆಳಗೆ ಇಳಿಯದು. ಸಿನಾಪ್ಸಿಸ್‌ನಲ್ಲಿ ಅದು 0.05ಕ್ಕಿಂತ ಕಡಿಮೆ ಇರಬೇಕು ಎಂದು ನೀವು ಬರೆದಿರುತ್ತೀರಿ. ಈಗ ಉಳಿದಿರುವ ನಾಲ್ಕು ಶಾಲೆಗಳಲ್ಲಿ ಎರಡೆರಡು ಮಾಡಿದರೆ ದಾರಿಗಳು ಆರೇ ಆರು, ಅತ್ಯುತ್ತಮ ಫಲಿತಾಂಶಕ್ಕೂ ಪಿ-ಮೌಲ್ಯ 0.33. ಶಾಲೆಗಳ ಸರಾಸರಿ ಇಟ್ಟುಕೊಂಡು ಟಿ-ಪರೀಕ್ಷೆ ಮಾಡಿದರೆ ಇದಕ್ಕಿಂತ ಸಣ್ಣ ಸಂಖ್ಯೆ ಬರಬಹುದು. ಆದರೆ ಆರೇ ಆರು ಸರಾಸರಿಗಳು ಹೇಗೆ ಹರಡಿಕೊಂಡಿವೆ ಎಂಬ ಊಹೆಯ ಮೇಲೆ ಆಗ ಇಡೀ ತೀರ್ಮಾನ ನಿಲ್ಲುತ್ತದೆ. ಆ ಊಹೆಯನ್ನು ಪರೀಕ್ಷಿಸಿ ನೋಡಲು ಆರು ಸಂಖ್ಯೆಗಳು ಸಾಲುವುದಿಲ್ಲ.

ಗೈಡ್ ಇಲ್ಲೊಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಮಕ್ಕಳು ನೂರೈವತ್ತು ಜನ ಇದ್ದಾರಲ್ಲ?" ಒಂದೇ ತರಗತಿಯ ಮಕ್ಕಳು ಒಬ್ಬರನ್ನೊಬ್ಬರು ಹೋಲುತ್ತಾರೆ, ಅವರಿಗೆ ಪಾಠ ಮಾಡುವವರು ಒಬ್ಬರೇ, ಊರೂ ಒಂದೇ. ಹಾಗಾಗಿ ಒಂದೇ ತರಗತಿಯ ಇಪ್ಪತ್ತೈದು ಮಕ್ಕಳಿಂದ ಇಪ್ಪತ್ತೈದು ಬೇರೆ ಬೇರೆ ಸುದ್ದಿ ಬರುವುದಿಲ್ಲ. ಎಷ್ಟು ನಷ್ಟ ಎನ್ನುವುದಕ್ಕೆ ಸೂತ್ರ ಇದೆ:

```
1 + (m − 1) × ρ
```

ಇದರಲ್ಲಿ m ಒಂದು ತರಗತಿಯ ಮಕ್ಕಳ ಸಂಖ್ಯೆ, ρ ಅವರು ಎಷ್ಟು ಹೋಲುತ್ತಾರೆ ಎಂಬುದರ ಅಳತೆ. ρ 0.15 ಎಂದು ಇಟ್ಟುಕೊಳ್ಳಿ, ಶಾಲಾ ಅಂಕಗಳಲ್ಲಿ ಅದು ದೊಡ್ಡ ಸಂಖ್ಯೆಯೇನಲ್ಲ. 25 ಮಕ್ಕಳ ತರಗತಿಗೆ ಉತ್ತರ 4.6. ನೂರೈವತ್ತನ್ನು 4.6ರಿಂದ ಭಾಗಿಸಿದರೆ ಸುಮಾರು 33 ಮಕ್ಕಳು. ಮಧ್ಯಮ ಗಾತ್ರದ ವ್ಯತ್ಯಾಸ ಕಂಡುಹಿಡಿಯಲು, ಮಕ್ಕಳನ್ನು ಒಬ್ಬೊಬ್ಬರಾಗಿ ಹಂಚಿದರೂ, ಗುಂಪಿಗೆ 64ರಂತೆ 128 ಮಕ್ಕಳು ಬೇಕು ಎನ್ನುವುದು ನಿಮ್ಮ ಗೈಡ್‌ಗೆ ಗೊತ್ತಿರುವ ಲೆಕ್ಕ. 33ನ್ನೂ 128ನ್ನೂ ಅಕ್ಕಪಕ್ಕ ಇಟ್ಟರೆ ಅವರು ಮತ್ತೆ ಕೇಳುವುದಿಲ್ಲ.

ಎರಡು ಬದಲಿಗಳನ್ನು ಅವರು ಸೂಚಿಸಬಹುದು, ಅವರು ಕೇಳುವ ಮೊದಲೇ ನೀವೇ ಎತ್ತಿ ಉತ್ತರಿಸಿಬಿಡಿ. ಒಂದು, ಒಂದೇ ತರಗತಿಯಲ್ಲಿ ಅರ್ಧ ಮಕ್ಕಳಿಗೆ ಓದಿಸುವುದು. ಇದರಲ್ಲಿ ಪತ್ರಿಕೆ ಬೆಂಚಿನಿಂದ ಬೆಂಚಿಗೆ ದಾಟುತ್ತದೆ, ಸಂಜೆ ಬಸ್ಸಿನಲ್ಲಿ ಓದಿದ ಸುದ್ದಿಯನ್ನು ಓದದವನಿಗೆ ಹೇಳುತ್ತಾರೆ. ಎರಡು ಗುಂಪಿನ ನಡುವಿನ ಗೆರೆ ಮೊದಲ ವಾರದಲ್ಲೇ ಅಳಿಸಿಹೋಗುತ್ತದೆ. ಇಪ್ಪತ್ತು ನಿಮಿಷ ಅರ್ಧ ತರಗತಿಯನ್ನು ಬೇರೆ ಕೋಣೆಗೆ ಕರೆದೊಯ್ಯಲು ಕೋಣೆಯೂ ಬೇಕು, ಮಾಷ್ಟ್ರೂ ಬೇಕು. ಇನ್ನೊಂದು, ಎಲ್ಲರಿಗೂ ಓದಿಸಿ ಮೊದಲು-ಆಮೇಲೆ ಎರಡು ಪರೀಕ್ಷೆ ನಡೆಸುವುದು. ಏಳನೇ ತರಗತಿಯ ಮಕ್ಕಳು ಎಂಟು ವಾರದಲ್ಲಿ ಪತ್ರಿಕೆ ಇಲ್ಲದೆಯೂ ಮುಂದೆ ಹೋಗುತ್ತಾರೆ, ನಡುವೆ ಓಣಂ ಪರೀಕ್ಷೆಗೆಂದು ಓದುತ್ತಾರೆ, ಎರಡನೇ ಸಲ ಅದೇ ಬಗೆಯ ಪ್ರಶ್ನೆಪತ್ರಿಕೆ ಅಭ್ಯಾಸವಾಗಿರುತ್ತದೆ. ಅಂಕ ಏರಿದರೆ ಅದು ಯಾವುದರಿಂದ ಎಂದು ಹೇಳಲು ಆಗದು.

ಇನ್ನು ಮೇಲ್‌ನ ತಿರುಳು. ವಿಧಾನ ಬದಲಾದರೆ ಪ್ರಶ್ನೆಯೂ ಬದಲಾಗಬೇಕು. ವಿದ್ಯಾರ್ಥಿಗಳ ಪರಿಷ್ಕೃತ ಸಿನಾಪ್ಸಿಸ್‌ಗಳಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಶೀರ್ಷಿಕೆಯಲ್ಲಿ "ಪತ್ರಿಕಾ ಓದಿನ ಪರಿಣಾಮ" ಹಾಗೇ ಉಳಿದಿರುತ್ತದೆ, ಒಳಗೆ ಪ್ರಶ್ನಾವಳಿ ಇರುತ್ತದೆ. ಸಮೀಕ್ಷೆಯಿಂದ ಪರಿಣಾಮ ಎಂದು ಹೇಳಲು ಬರುವುದಿಲ್ಲ. ಪತ್ರಿಕೆ ಓದುವುದರಿಂದ ಮಗು ಚೆನ್ನಾಗಿ ಅರ್ಥಮಾಡಿಕೊಳ್ಳುತ್ತದೋ, ಚೆನ್ನಾಗಿ ಅರ್ಥವಾಗುವ ಮಗುವೇ ಪತ್ರಿಕೆ ಎತ್ತಿಕೊಳ್ಳುತ್ತದೋ ಒಂದೇ ಸಲದ ಅಳತೆಯಲ್ಲಿ ಗೊತ್ತಾಗದು. ಹಾಗಾಗಿ ನಿಮ್ಮ ಹೊಸ ಪ್ರಶ್ನೆ ಹೀಗಿರಲಿ: ಮನೆಯಲ್ಲಿ ಕನ್ನಡ ಪತ್ರಿಕೆ ಹೆಚ್ಚು ಓದುವ ಮಕ್ಕಳು ಓದಿನ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆಯುತ್ತಾರೆಯೇ, ಮನೆಮಾತು ಮತ್ತು ಹೆತ್ತವರ ಓದು ಒಂದೇ ಇದ್ದಾಗಲೂ ಆ ಸಂಬಂಧ ಉಳಿಯುತ್ತದೆಯೇ?

ಈ ಎರಡನೇ ಭಾಗವೇ ಕಾಸರಗೋಡಿನಲ್ಲಿ ಮುಖ್ಯ. ಮಂಜೇಶ್ವರ, ಕುಂಬಳೆ ಕಡೆಯ ಒಂದೇ ಕನ್ನಡ ಡಿವಿಷನ್‌ನಲ್ಲಿ ತುಳು ಮನೆಯ ಮಗು, ಹವ್ಯಕ ಕನ್ನಡದ ಮಗು, ಬ್ಯಾರಿ, ಮಲಯಾಳಂ, ಕೊಂಕಣಿ, ಮರಾಠಿ ಮಾತಾಡುವ ಮಗು ಒಟ್ಟಿಗೆ ಕೂರುತ್ತವೆ. ಕನ್ನಡ ಪತ್ರಿಕೆ ಬರುವ ಮನೆಯಲ್ಲಿ ಕನ್ನಡ ಕಿವಿಗೆ ಬೀಳುವುದೂ ಹೆಚ್ಚು. ಮನೆಮಾತನ್ನು ಕೇಳಿ ಬರೆದುಕೊಳ್ಳದಿದ್ದರೆ ಮನೆಮಾತಿನ ಪ್ರಭಾವವೆಲ್ಲ ಪತ್ರಿಕೆಯ ಲೆಕ್ಕಕ್ಕೆ ಹೋಗುತ್ತದೆ. "ಮನೆಮಾತು ಯಾವುದು?" ಎಂದು ಒಂದೇ ಗೆರೆಯಲ್ಲಿ ಕೇಳಿದರೂ ಸಾಲದು. ಅಮ್ಮನ ಹತ್ತಿರ ಯಾವ ಭಾಷೆ, ಅಪ್ಪನ ಹತ್ತಿರ, ಅಜ್ಜಿಯ ಹತ್ತಿರ, ಆಟದಲ್ಲಿ ಯಾವ ಭಾಷೆ ಎಂದು ಬಿಡಿಸಿ ಕೇಳಿ. ಅಮ್ಮನೊಡನೆ ತುಳು, ಅಜ್ಜನೊಡನೆ ಕನ್ನಡ ಎನ್ನುವ ಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

"ನೀನು ಪತ್ರಿಕೆ ಎಷ್ಟು ಓದುತ್ತೀ?" ಎಂಬ ಪ್ರಶ್ನೆಯನ್ನಂತೂ ಬಿಡಿ. ಮಾಷ್ಟ್ರ ಮುಂದೆ ಎಲ್ಲ ಮಕ್ಕಳೂ "ದಿನಾ" ಎನ್ನುತ್ತಾರೆ. ಏಳು ದಿನದ ಒಂದು ಪುಟ್ಟ ಡೈರಿ ಕೊಡಿ. ಮಗು ಪ್ರತಿ ದಿನ ಒಂದು ಸಾಲು ಬರೆಯಲಿ: ಇವತ್ತು ಓದಿದೆಯಾ, ಯಾವ ಪುಟ, ಒಂದು ಸುದ್ದಿಯ ತಲೆಬರಹ. ತಲೆಬರಹ ಬರೆಯಬೇಕಾದರೆ ಪತ್ರಿಕೆ ಕೈಯಲ್ಲಿರಬೇಕು, ಸುಳ್ಳು ಹೇಳುವುದು ಕಷ್ಟವಾಗುತ್ತದೆ. ಏಳೂ ದಿನದ ಸಾಲು ಒಂದೇ ಪೆನ್ನಿನಲ್ಲಿ, ಒಂದೇ ಸಲ ಕೂತು ಬರೆದ ಹಾಗೆ ಕಂಡರೆ ಅದನ್ನು ಗುರುತುಮಾಡಿ ಬೇರೆ ಇಡಿ. ಅಂಥ ಡೈರಿಗಳನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಹಾಕಿ ಎರಡನ್ನೂ ವರದಿ ಮಾಡಬಹುದು.

ಪ್ರಯೋಗವನ್ನು ಕೆಡಿಸಿದ ಅದೇ ಒಂದೇ ಡಿವಿಷನ್ ಸಮೀಕ್ಷೆಗೆ ಅಡ್ಡಿಯಾಗುವುದಿಲ್ಲವೇ ಎಂದು ನಿಮಗೆ ಅನಿಸಬಹುದು. ಅಷ್ಟಾಗಿ ಇಲ್ಲ. ಪ್ರಯೋಗದಲ್ಲಿ ತರಗತಿಯ ಎಲ್ಲರಿಗೂ ಪತ್ರಿಕೆ, ಇಲ್ಲವೇ ಯಾರಿಗೂ ಇಲ್ಲ. ಸಮೀಕ್ಷೆಯಲ್ಲಿ ಒಂದೇ ಬೆಂಚಿನ ಒಬ್ಬಳ ಮನೆಗೆ ಪತ್ರಿಕೆ ಬರುತ್ತದೆ, ಪಕ್ಕದವಳ ಮನೆಗೆ ಬರುವುದಿಲ್ಲ. ಹೋಲಿಕೆ ತರಗತಿಯ ಒಳಗೇ ನಡೆಯುತ್ತದೆ, ಹಾಗಾಗಿ ಶಾಲೆಯ, ಮಾಷ್ಟ್ರ ವ್ಯತ್ಯಾಸ ಅದರಲ್ಲಿ ಸೇರುವುದಿಲ್ಲ. ಲೆಕ್ಕ ಹಾಕುವಾಗ ಶಾಲೆಯನ್ನೂ ಒಂದು ಚಲಕವಾಗಿ ಸೇರಿಸಿದರೆ ಇದು ಸಿಗುತ್ತದೆ. ನಿಮ್ಮ ಬದಲಾವಣೆ ಅನಿವಾರ್ಯ ಮಾತ್ರವಲ್ಲ, ಇಲ್ಲಿನ ಶಾಲೆಗಳಿಗೆ ಹೊಂದುವಂಥದ್ದು ಎಂದು ಗೈಡ್‌ಗೆ ಮನವರಿಕೆ ಮಾಡುವುದು ಈ ವಾದವೇ. ಸಣ್ಣ ಸಂಬಂಧ, ಅಂದರೆ 0.2ರಷ್ಟು ಸಹಸಂಬಂಧ ಕಾಣಲು 194 ಮಕ್ಕಳು ಬೇಕು. ಗೈರುಹಾಜರಿ, ಅರ್ಧಕ್ಕೆ ಬಿಟ್ಟ ಡೈರಿ ಎಲ್ಲ ಕಳೆಯಲು 240 ಇಟ್ಟುಕೊಳ್ಳಿ. ಎರಡು ಪಿರೇಡ್ ಕೇಳಿದರೆ ಹತ್ತು ಶಾಲೆ ಒಪ್ಪುವುದು ಕಷ್ಟವಲ್ಲ, ಎಂಟು ವಾರ ಕೇಳಿದ್ದಕ್ಕೇ ನಿಮ್ಮ ಎರಡು ಶಾಲೆ ಸರಿದದ್ದು.

ಒಂದು ವಿಷಯವನ್ನು ನೀವು ನನಗೆ ಹೇಳಿಲ್ಲ: ಯಾವುದಾದರೂ ಶಾಲೆಯಲ್ಲಿ ಮೊದಲ ಪರೀಕ್ಷೆ ಆಗಿಹೋಗಿದೆಯೇ? ಆಗಿದ್ದರೆ ಅದನ್ನು ಮುಚ್ಚಿಡಬೇಡಿ. ಅಂಕ ನೋಡಿ ನಿರಾಸೆಯಾಗಿ ವಿಧಾನ ಬದಲಿಸಿದರೇ ಎಂಬ ಸಂಶಯ ಗೈಡ್‌ಗೆ ಬರುವುದು ಸಹಜ. ಎಷ್ಟು ಮಕ್ಕಳಿಗೆ ನಡೆಯಿತು, ಅಂಕಗಳನ್ನು ಏನು ಮಾಡಿದಿರಿ, ಮುಂದೆ ಏನು ಮಾಡುತ್ತೀರಿ ಎಂದು ಮೂರು ಸಾಲು ಸಾಕು. ಕೆಳಗಿನ ಮಾದರಿಯಲ್ಲಿ ಎರಡು ಶಾಲೆಯಲ್ಲಿ ನಡೆದಿದೆ ಎಂದು ಇಟ್ಟುಕೊಂಡಿದ್ದೇನೆ, ನಿಮ್ಮಲ್ಲಿ ಏನಾಗಿದೆಯೋ ಅದನ್ನೇ ಬರೆಯಿರಿ.

ವಿಷಯ: ಪ್ರಬಂಧದಲ್ಲಿ ಪ್ರಯೋಗದ ಬದಲು ಸಮೀಕ್ಷೆ, ತಮ್ಮ ಒಪ್ಪಿಗೆ ಕೋರಿ

ಮಾನ್ಯ ಸರ್ ಅವರಿಗೆ ನಮಸ್ಕಾರ.

ನನ್ನ ಪ್ರಬಂಧದ ವಿನ್ಯಾಸವನ್ನು ಪ್ರಯೋಗದಿಂದ ಸಮೀಕ್ಷೆಗೆ ಬದಲಿಸಲು ತಮ್ಮ ಒಪ್ಪಿಗೆ ಕೇಳುತ್ತಿದ್ದೇನೆ. ತಾವು ಒಪ್ಪುವವರೆಗೆ ಯಾವ ಶಾಲೆಗೂ ಹೊಸದಾಗಿ ಹೋಗುವುದಿಲ್ಲ.

ಕಾರಣ ಇದು. ಆರಿಸಿದ ಶಾಲೆಗಳಲ್ಲಿ ಏಳನೇ ತರಗತಿಗೆ ಕನ್ನಡ ಡಿವಿಷನ್ ಒಂದೇ ಇರುವುದರಿಂದ ಮಕ್ಕಳನ್ನಲ್ಲ, ಶಾಲೆಗಳನ್ನೇ ಎರಡು ಗುಂಪು ಮಾಡಬೇಕಾಯಿತು. ಆರು ಶಾಲೆಗಳನ್ನು ಮೂರು-ಮೂರಾಗಿ ಹಂಚಲು 20 ದಾರಿಗಳಿವೆ. ಓದಿಸಿದ ಮೂರೂ ಶಾಲೆಗಳು ಉಳಿದ ಮೂರನ್ನು ಮೀರಿಸಿದರೂ ಪಿ-ಮೌಲ್ಯ 0.10ಕ್ಕಿಂತ ಕಡಿಮೆ ಬರದು. ಈಗ ಎರಡು ಶಾಲೆಗಳು ಹಿಂದೆ ಸರಿದಿವೆ, ನಾಲ್ಕರಲ್ಲಿ ಅದು 0.33 ಆಗುತ್ತದೆ. ತರಗತಿಯೊಳಗಿನ ಹೋಲಿಕೆಯನ್ನು 0.15 ಎಂದು ಹಿಡಿದರೆ ಮೊದಲಿನ 150 ಮಕ್ಕಳು ಸುಮಾರು 33 ಮಕ್ಕಳಿಗೆ ಸಮ. ಲೆಕ್ಕವನ್ನು ಲಗತ್ತಿಸಿದ್ದೇನೆ. ಸಮಯ ಹೆಚ್ಚಿಸಿದರೂ ಇದು ಸರಿಹೋಗುವುದಿಲ್ಲ.

ಒಂದೇ ತರಗತಿಯಲ್ಲಿ ಅರ್ಧ ಮಕ್ಕಳಿಗೆ ಓದಿಸುವುದನ್ನೂ, ಒಂದೇ ಗುಂಪಿಗೆ ಮೊದಲು-ಆಮೇಲೆ ಪರೀಕ್ಷೆ ನಡೆಸುವುದನ್ನೂ ಯೋಚಿಸಿದೆ. ಮೊದಲನೆಯದರಲ್ಲಿ ಪತ್ರಿಕೆ ಇನ್ನೊಂದು ಗುಂಪಿನ ಕೈಗೂ ಹೋಗುವುದನ್ನು ತಡೆಯಲಾಗದು. ಎರಡನೆಯದರಲ್ಲಿ ಸಹಜ ಬೆಳವಣಿಗೆಯನ್ನು ಬೇರ್ಪಡಿಸಲಾಗದು.

ಹೊಸ ಪ್ರಶ್ನೆ: ಮನೆಯಲ್ಲಿ ಕನ್ನಡ ಪತ್ರಿಕೆ ಓದುವುದಕ್ಕೂ ಓದಿನ ಗ್ರಹಿಕೆಗೂ ಸಂಬಂಧ ಇದೆಯೇ, ಮನೆಮಾತು, ಹೆತ್ತವರ ಶಿಕ್ಷಣ ಮತ್ತು ಶಾಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅದು ಉಳಿಯುತ್ತದೆಯೇ? ಪತ್ರಿಕೆ ಓದಿಸಿದರೆ ಗ್ರಹಿಕೆ ಹೆಚ್ಚುತ್ತದೆ ಎಂದು ಈ ಅಧ್ಯಯನದಿಂದ ಹೇಳಲು ಆಗುವುದಿಲ್ಲ. ಶೀರ್ಷಿಕೆಯಲ್ಲಿ "ಪರಿಣಾಮ" ಇದ್ದಲ್ಲಿ "ಸಂಬಂಧ" ಎಂದು ಬದಲಿಸಿದ್ದೇನೆ, ಪ್ರಾಕ್ಕಲ್ಪನೆಗಳನ್ನೂ ಅದಕ್ಕೆ ತಕ್ಕಂತೆ ತಿದ್ದಿದ್ದೇನೆ.

ತಾವು ಒಪ್ಪಿದ್ದ ಓದಿನ ಗ್ರಹಿಕೆ ಪರೀಕ್ಷೆ, ಏಳನೇ ತರಗತಿ, ಕನ್ನಡ ಮಾಧ್ಯಮ ಇವು ಹಾಗೇ ಇವೆ. ಹೊಸದಾಗಿ ಸೇರುವುದು ಏಳು ದಿನದ ಓದಿನ ಡೈರಿ ಮತ್ತು ಮನೆಯ ವಿವರದ ಒಂದು ಪುಟ. ಹತ್ತು ಶಾಲೆ, ಸುಮಾರು 240 ಮಕ್ಕಳು, ಪ್ರತಿ ಶಾಲೆಯಲ್ಲಿ ಎರಡು ಪಿರೇಡ್. ಓಣಂ ರಜೆ ಮುಗಿದ ಮೇಲೆ ಶುರು ಮಾಡಬಹುದು.

ಹಿಂದೆ ಸರಿಯುವ ಮೊದಲು ಎರಡು ಶಾಲೆಗಳಲ್ಲಿ ಪೂರ್ವಪರೀಕ್ಷೆ ನಡೆದಿತ್ತು. ಆ ಅಂಕಗಳನ್ನು ಗುಂಪುಗಳ ನಡುವೆ ಹೋಲಿಸಿಲ್ಲ. ಎಚ್.ಎಂ.ಗಳು ಒಪ್ಪಿದರೆ ಪ್ರಶ್ನೆಗಳ ಕ್ಲಿಷ್ಟತೆ ನೋಡಲು ಮಾತ್ರ ಬಳಸುತ್ತೇನೆ, ಸಮೀಕ್ಷೆಯ ಮಾಹಿತಿಗೆ ಸೇರಿಸುವುದಿಲ್ಲ.

ತಮ್ಮಿಂದ ಎರಡು ತೀರ್ಮಾನ ಬೇಕಾಗಿದೆ: ಈ ಬದಲಾವಣೆಗೆ ಒಪ್ಪಿಗೆ ಇದೆಯೇ, ಶೀರ್ಷಿಕೆ ಬದಲಾವಣೆಗೆ ವಿಭಾಗಕ್ಕೆ ಬೇರೆ ಅರ್ಜಿ ಕೊಡಬೇಕೇ? ತಾವು ಹೇಳಿದ ದಿನ ಬಂದು ಕಾಣುತ್ತೇನೆ.

ಇತಿ,
ತಮ್ಮ ವಿದ್ಯಾರ್ಥಿ

ಮೇಲ್ ಇಷ್ಟೇ ಇರಲಿ, ಇದಕ್ಕಿಂತ ಉದ್ದ ಬೇಡ. ಲಗತ್ತಿನಲ್ಲಿ ಎರಡು ಕಡತ ಸಾಕು: ಒಂದು ಪುಟದ ಲೆಕ್ಕ, ಮತ್ತು ತಿದ್ದಿದ ಸಿನಾಪ್ಸಿಸ್. ಸಿನಾಪ್ಸಿಸ್‌ನಲ್ಲಿ ಬದಲಾದ ಸಾಲುಗಳಿಗೆ ಬಣ್ಣ ಹಾಕಿ, ಹಳೆಯದನ್ನೂ ಹೊಸದನ್ನೂ ಪಕ್ಕ ಪಕ್ಕ ಇಟ್ಟು ಹುಡುಕುವ ಕೆಲಸ ಗೈಡ್‌ಗೆ ಬೀಳಬಾರದು. ಹಿಂದೆ ಸರಿದ ಶಾಲೆಗಳ ಹೆಸರು, ಅಲ್ಲಿನವರು ಆಡಿದ ಮಾತು ಮೇಲ್‌ನಲ್ಲಿ ಬೇಡ. ಒಪ್ಪಿಗೆ ಹಿಂತೆಗೆದುಕೊಳ್ಳುವುದು ಶಾಲೆಯ ಹಕ್ಕು, ಅದಕ್ಕೆ ಕಾರಣ ಕೊಡಬೇಕಾದ ಹಂಗು ಅವರಿಗಿಲ್ಲ.

"ಇನ್ನೂ ಶಾಲೆ ಹುಡುಕಿ, ಪ್ರಯೋಗವನ್ನೇ ಮಾಡಿ" ಎಂದು ಅವರು ಉತ್ತರಿಸಬಹುದು. ಅದು ತಪ್ಪು ಸಲಹೆಯಲ್ಲ, ಶಾಲೆಗಳ ಸಂಖ್ಯೆ ಏರಿದರೆ ಮೇಲಿನ ಲೆಕ್ಕ ಸುಧಾರಿಸುತ್ತದೆ. ಆದರೆ ಅದೇ ಸೂತ್ರಕ್ಕೆ 128ನ್ನು ಹಾಕಿ ನೋಡಿ: 128 ಗುಣಿಸು 4.6 ಅಂದರೆ ಸುಮಾರು 590 ಮಕ್ಕಳು, 25ರಂತೆ ಇಪ್ಪತ್ತನಾಲ್ಕು ತರಗತಿಗಳು. ಅಷ್ಟು ಕನ್ನಡ ಡಿವಿಷನ್‌ಗಳಲ್ಲಿ ಎಂಟು ವಾರ ದಿನಾ ಓದಿಸಿ, ನಿಜಕ್ಕೂ ಓದಿಸಿದರೇ ಎಂದು ಹೋಗಿ ನೋಡುವುದು ಒಬ್ಬ ವಿದ್ಯಾರ್ಥಿಯಿಂದ ಒಂದು ವರ್ಷದಲ್ಲಿ ಆಗುವ ಕೆಲಸವಲ್ಲ. ಈ ಒಂದು ಸಾಲನ್ನು ಲೆಕ್ಕದ ಪುಟದ ಕೊನೆಗೆ ಸೇರಿಸಿಬಿಡಿ.

ಒಪ್ಪಿಗೆ ಬಂದ ಕೂಡಲೇ ಹಳೆಯ ಅನುಮತಿ ಪತ್ರಗಳನ್ನು ಪಕ್ಕಕ್ಕಿಡಿ. ಎ.ಇ.ಒ. ಕಚೇರಿಗೂ ಎಚ್.ಎಂ.ಗಳಿಗೂ ಕೊಟ್ಟ ಪತ್ರದಲ್ಲಿ ಪತ್ರಿಕೆ ಓದಿಸುವ ಕಾರ್ಯಕ್ರಮ ಎಂದಿದೆ, ಹೆತ್ತವರು ಸಹಿ ಹಾಕಿದ್ದೂ ಅದಕ್ಕೇ. ಈಗ ನೀವು ಮಗುವಿನ ಮನೆಮಾತು, ಅಪ್ಪ-ಅಮ್ಮನ ಓದು ಕೇಳುತ್ತೀರಿ, ಅದಕ್ಕೆ ಯಾರೂ ಸಹಿ ಹಾಕಿಲ್ಲ. ಉಳಿದ ನಾಲ್ಕು ಶಾಲೆಗಳಲ್ಲೂ ಹೊಸ ಪತ್ರ ಕೊಟ್ಟು ಹೊಸ ಸಹಿ ಪಡೆಯಿರಿ. ಕನ್ನಡ ಓದಲು ಬಾರದ ಹೆತ್ತವರಿಗೆ ಆ ಪತ್ರದ ಮಲಯಾಳಂ ಪ್ರತಿಯೂ ಜೊತೆಗಿರಲಿ.